ಸ್ವಾಡ್ಲಿಂಗ್: ಮಗುವನ್ನು ಸುತ್ತಿ ಮಲಗಿಸುವುದು ಯಾಕೆ, ನಿಲ್ಲಿಸುವುದು ಯಾವಾಗ

ಎಳೆ ಮಗುವನ್ನು ತೆಳ್ಳನೆಯ ಬಟ್ಟೆಯಲ್ಲಿ, ಕೈಗಳು ಒಳಗಿರುವಂತೆ ಹಿತವಾಗಿ ಸುತ್ತಿ ಮಲಗಿಸುವುದಕ್ಕೆ ಸ್ವಾಡ್ಲಿಂಗ್ ಎನ್ನುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆಯ ಬಾಣಂತಿ ಕೋಣೆಗಳಿಗೆ ಇದು ಹೊಸದೇನಲ್ಲ. ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಹಳೇ ಪಂಚೆಯ ತುಂಡಿನಲ್ಲೋ ಮೆತ್ತಗಾದ ಹತ್ತಿ ಸೀರೆಯಲ್ಲೋ ಸುತ್ತಿಬಿಟ್ಟರೆ ಮಗು ಒಳ್ಳೆ ನಿದ್ದೆ ಹೊಡೆಯುತ್ತದೆ. ಸುತ್ತುವುದನ್ನು ಹೇಳಿಕೊಡೋಕೆ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ಯಾವಾಗ ಬಿಡಬೇಕು ಅನ್ನೋದನ್ನು ಮಾತ್ರ ಹೇಳುವವರು ಕಡಿಮೆ. ನಿಜವಾಗಿ ತಿಳಿದಿರಬೇಕಾದದ್ದು ಅದೇ.

ಮೊದಲು, ಸುತ್ತಿದರೆ ಮಗು ಯಾಕೆ ಸುಮ್ಮನಾಗುತ್ತದೆ ನೋಡೋಣ. ಹುಟ್ಟಿದ ಮಗು ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಬೆಚ್ಚಿ ಬೀಳುತ್ತದೆ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಆಮೇಲೆ ಎದೆಯ ಕಡೆಗೆ ತಂದುಕೊಂಡು, ಜೋರಾಗಿ ಅಳುತ್ತದೆ. ಇದಕ್ಕೆ ವೈದ್ಯರು ಮೋರೋ ರಿಫ್ಲೆಕ್ಸ್ ಎನ್ನುತ್ತಾರೆ. ಬಾಗಿಲು ಬಡಿದ ಸದ್ದಾದರೆ ಅಥವಾ ತಲೆ ಸ್ವಲ್ಪ ಹಿಂದಕ್ಕೆ ವಾಲಿದರೆ ಸಾಕು, ಹೀಗಾಗುತ್ತದೆ. ಯಾರೋ ಹೆದರಿಸಿದರು, ದೃಷ್ಟಿಯಾಯಿತು ಎಂದು ಕೊರಗಬೇಕಾಗಿಲ್ಲ. ಇದು ಆರೋಗ್ಯವಂತ ಮಗುವಿನ ಲಕ್ಷಣ. ಮೂರು ತಿಂಗಳು ದಾಟಿದ ಮೇಲೆ ಕಡಿಮೆಯಾಗುತ್ತಾ ಬಂದು, ಆರು ತಿಂಗಳ ಹೊತ್ತಿಗೆ ಹೋಗುತ್ತದೆ. ಬಟ್ಟೆ ಸುತ್ತಿದಾಗ ಕೈ ಹಾಗೆ ಚಿಮ್ಮುವುದಿಲ್ಲ. ಹಾಗಾಗಿ ಬೆಚ್ಚಿದರೂ ಪೂರ್ತಿ ಎಚ್ಚರವಾಗುವುದಿಲ್ಲ. ಮೊದಲ ವಾರಗಳಲ್ಲಿ ಅಳುವೂ ಸ್ವಲ್ಪ ತಗ್ಗುತ್ತದೆ.

ಲಾಭ ಇಷ್ಟೇ. ಸುತ್ತಿದರೆ ಮೂಳೆ ಗಟ್ಟಿಯಾಗುತ್ತದೆ, ಕೈಕಾಲು ನೆಟ್ಟಗಾಗುತ್ತವೆ ಎಂಬುದು ಬರೀ ನಂಬಿಕೆ. ಹಾಲು ಕುಡಿಸುವಾಗಲಂತೂ ಬಿಚ್ಚುವುದೇ ಒಳ್ಳೆಯದು. ಹಸಿವಾದ ಮಗು ಅಳುವುದಕ್ಕೆ ಮುಂಚೆ ಕೈಯನ್ನು ಬಾಯಿಗೆ ಒಯ್ಯುತ್ತದೆ. ದಿನವಿಡೀ ಸುತ್ತಿಟ್ಟರೆ ಆ ಸೂಚನೆ ಯಾರಿಗೂ ಕಾಣುವುದಿಲ್ಲ.

ಸುತ್ತುವಾಗ ತಪ್ಪಾಗುವುದು ಹೆಚ್ಚಾಗಿ ಕಾಲಿನ ವಿಷಯದಲ್ಲಿ. ನಮ್ಮ ಕಡೆ ಕಾಲು ಎಳೆದು ನೇರ ಮಾಡಿ, ಬಿಗಿಯಾಗಿ ಕಟ್ಟುವ ಅಭ್ಯಾಸ ಇನ್ನೂ ಇದೆ. ಎಳೆ ಮಗುವಿನ ಸೊಂಟದ ಕೀಲು ಇನ್ನೂ ಮೃದು. ತೊಡೆಮೂಳೆಯ ಗುಂಡು ಅದರ ಗೂಡಿನಲ್ಲಿ ಸರಿಯಾಗಿ ಕೂರಬೇಕಾದರೆ ಕಾಲುಗಳು ಮಡಚಿ, ಕಪ್ಪೆಯ ಕಾಲಿನ ಹಾಗೆ ಹೊರಕ್ಕೆ ತೆರೆದುಕೊಂಡಿರಬೇಕು. ನೇರ ಮಾಡಿ ಬಿಗಿದರೆ ಗುಂಡು ಗೂಡಿನಿಂದ ಜಾರಬಹುದು. ಜಪಾನಿನಲ್ಲಿ ಕಾಲು ಚಾಚಿ ಸುತ್ತುವುದನ್ನು ಬಿಡಿ ಎಂದು 1975ರಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಮಕ್ಕಳ ಸೊಂಟದ ಕೀಲು ತಪ್ಪುವ ಪ್ರಕರಣಗಳು ಅಲ್ಲಿ ಆಮೇಲೆ ಬಹಳ ಇಳಿದವು.

ಆದ್ದರಿಂದ ಮೇಲೆ ಹಿತ, ಕೆಳಗೆ ಸಡಿಲ. ಸುಮಾರು ಒಂದು ಮೀಟರ್ ಉದ್ದಗಲದ ತೆಳು ಹತ್ತಿ ಬಟ್ಟೆ ಹಾಸಿ. ಒಂದು ಮೂಲೆ ತಲೆಯ ಕಡೆ ಬರಲಿ, ಅದನ್ನು ಒಳಕ್ಕೆ ಮಡಚಿ. ಮಡಚಿದ ಅಂಚು ಮಗುವಿನ ಭುಜದ ಮಟ್ಟಕ್ಕೆ ಬರಬೇಕು, ಅದಕ್ಕಿಂತ ಮೇಲೆ ಬೇಡ. ಒಂದು ಬದಿಯ ಬಟ್ಟೆಯನ್ನು ಎದೆಯ ಮೇಲಿಂದ ತಂದು ಬೆನ್ನ ಕೆಳಗೆ ಸಿಕ್ಕಿಸಿ. ಕೆಳಗಿನ ಮೂಲೆಯನ್ನು ಕಾಲು ಆಡುವಷ್ಟು ಸಡಿಲವಾಗಿ ಮೇಲಕ್ಕೆ ಮಡಚಿ. ಕೊನೆಗೆ ಇನ್ನೊಂದು ಬದಿ. ಎದೆಗೂ ಬಟ್ಟೆಗೂ ನಡುವೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಉಸಿರಾಟಕ್ಕೆ ಬಿಗಿಯಾಯಿತು ಎಂದರ್ಥ. ಕೈ ಅಲ್ಲಾಡಿಸಿದರೆ ಬಿಚ್ಚಿಕೊಳ್ಳುವಷ್ಟು ಸಡಿಲವಾದರೂ ಕಷ್ಟವೇ. ಬಿಚ್ಚಿದ ಬಟ್ಟೆ ಮುಖದ ಮೇಲೆ ಬರುತ್ತದೆ.

ಇನ್ನು ಸೆಕೆಯ ವಿಷಯ. ಡಿಸೆಂಬರಿನ ಚಳಿಗೋ ಜುಲೈನ ಮಳೆಗೋ ಹೆದರಿ ಸ್ವೆಟರ್, ಕುಲಾವಿ, ಅದರ ಮೇಲೆ ಸುತ್ತಿದ ಬಟ್ಟೆ, ಅದರ ಮೇಲೆ ರಗ್ಗು ಹಾಕುವವರಿದ್ದಾರೆ. ಇಷ್ಟಾದರೆ ಮಗುವಿನ ಮೈ ವಿಪರೀತ ಕಾಯುತ್ತದೆ. ಅಂಗೈ ಅಂಗಾಲು ಮುಟ್ಟಿ ತಣ್ಣಗಿದೆ ಎನ್ನಬೇಡಿ, ಅವು ಹೆಚ್ಚಾಗಿ ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ, ಕೆನ್ನೆ ಕೆಂಪಾಗಿದ್ದರೆ ಒಂದು ಪದರ ತೆಗೆಯಿರಿ. ಜ್ವರವಿದ್ದರೆ ಸುತ್ತಲೇಬೇಡಿ. (ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಡುವ ಅಭ್ಯಾಸ ಇನ್ನೂ ಇದ್ದರೆ ಅದನ್ನು ಇವತ್ತೇ ಬಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ತಾಯಿ ಮಗು ಇಬ್ಬರನ್ನೂ ಕೊಲ್ಲಬಲ್ಲದು.)

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸುತ್ತಿದ ಮಗು ಅಂಗಾತವಾಗಿ ಇರುವವರೆಗೆ ಮಾತ್ರ ಸುತ್ತುವುದು ಸರಿ. ಬೋರಲು ಬೀಳಲು ಕಲಿತ ದಿನ ಲೆಕ್ಕ ತಿರುಗುತ್ತದೆ. ಬರಿಗೈಲಿರುವ ಮಗು ಬೋರಲಾದರೆ ಕೈ ಊರಿ ಎದೆ ಎತ್ತುತ್ತದೆ, ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಕೈ ಬಟ್ಟೆಯೊಳಗೆ ಸಿಕ್ಕಿಕೊಂಡಿದ್ದರೆ ಅದು ಸಾಧ್ಯವಿಲ್ಲ. ಮುಖ ಹಾಸಿಗೆಗೆ ಒತ್ತಿಕೊಂಡು ಉಸಿರು ಕಟ್ಟುತ್ತದೆ, ಕೂಗುವುದಕ್ಕೂ ಆಗುವುದಿಲ್ಲ. ಕೈ ಹಿಡಿದಿಡುವುದರಿಂದಲೇ ನಿದ್ದೆ ಬರುತ್ತಿತ್ತು, ಈಗ ಅಪಾಯವೂ ಅದರಿಂದಲೇ.

ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2016ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂತು. ಸುತ್ತಿದ ಮಗುವನ್ನು ಬೋರಲು ಮಲಗಿಸಿದಾಗ ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಅಪಾಯ ಎಲ್ಲಕ್ಕಿಂತ ಹೆಚ್ಚು, ಮಗ್ಗುಲಾಗಿ ಮಲಗಿಸಿದರೂ ಅಪಾಯವಿದೆ, ಮಗು ದೊಡ್ಡದಾದಂತೆ ಅದು ಏರುತ್ತದೆ ಎಂದು ಅದು ಹೇಳಿತು. ಹಾಲು ಕಕ್ಕಿದರೆ ಗಂಟಲಿಗೆ ಸಿಗುತ್ತದೆ ಎಂದು ಮಗುವನ್ನು ಮಗ್ಗುಲಾಗಿ ಮಲಗಿಸಿ, ಹಿಂದೆ ದಿಂಬು ಒತ್ತುವುದು ನಮ್ಮಲ್ಲಿ ಮಾಮೂಲು. ಸುತ್ತಿದ ಮಗು ಮಗ್ಗುಲಿನಿಂದ ಬೋರಲಾಗಲು ಒಂದೇ ಒಂದು ಹೊರಳು ಸಾಕು. ಅಂಗಾತ ಮಲಗಿದ ಆರೋಗ್ಯವಂತ ಮಗು ಕಕ್ಕಿದರೂ ತಾನೇ ನುಂಗಿಕೊಳ್ಳುತ್ತದೆ ಅಥವಾ ಕೆಮ್ಮಿ ಹೊರಹಾಕುತ್ತದೆ.

ಹಾಗಾದರೆ ಎಷ್ಟು ತಿಂಗಳಿಗೆ ನಿಲ್ಲಿಸಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರ ತನ್ನ ಸಲಹೆಯಲ್ಲಿ ವಯಸ್ಸಿಗಿಂತ ಲಕ್ಷಣ ನೋಡಿ ಎನ್ನುತ್ತದೆ. ಹೊರಳುವ ಪ್ರಯತ್ನ ಕಂಡ ಕೂಡಲೇ ನಿಲ್ಲಿಸಿ, ಅದು ಹೆಚ್ಚಾಗಿ ಮೂರರಿಂದ ನಾಲ್ಕು ತಿಂಗಳಿಗೆ ಬರುತ್ತದೆ, ಮುಂಚೆಯೂ ಬರಬಹುದು. ಇದರಲ್ಲಿ ಪ್ರಯತ್ನ ಎಂಬ ಮಾತನ್ನು ಮರೆಯಬೇಡಿ. ಪೂರ್ತಿ ಹೊರಳಿದ ಮೇಲೆ ನಿಲ್ಲಿಸುವುದು ತಡವಾಯಿತು. ಮೊದಲ ಹೊರಳು ಯಾರೂ ನೋಡದ ಹೊತ್ತಿನಲ್ಲಿ, ರಾತ್ರಿ ಮೂರು ಗಂಟೆಗೂ ಆಗಬಹುದು ಅಲ್ವಾ? ಅದಕ್ಕೇ ಎರಡು ತಿಂಗಳಾದ ಮೇಲೆ ಮಗುವಿನ ಮೇಲೆ ಕಣ್ಣಿಡಬೇಕು.

ಮೂಡಿಗೆರೆ ಕಡೆಯ ತವರುಮನೆಯಲ್ಲಿ ಬಾಣಂತನಕ್ಕೆಂದು ಬಂದ ಒಬ್ಬ ತಾಯಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಗುವಿಗೆ ಮೂರು ತಿಂಗಳು ತುಂಬಿದೆ. ಚಾಪೆಯ ಮೇಲೆ ಬಿಟ್ಟರೆ ಎರಡೂ ಕಾಲು ಮೇಲೆತ್ತಿ ಒಂದೇ ಕಡೆ ದಬಕ್ಕನೆ ಬೀಳಿಸುತ್ತದೆ, ಅದರ ಹಿಂದೆಯೇ ಸೊಂಟವೂ ತಿರುಗುತ್ತದೆ. ಬೋರಲು ಹಾಕಿದರೆ ಕೈ ಊರಿ ಎದೆ ಎತ್ತುತ್ತದೆ. ಬೆಳಿಗ್ಗೆ ನೋಡಿದರೆ ಸುತ್ತಿದ ಬಟ್ಟೆಯಿಂದ ಒಂದು ಕೈ ಹೊರಗೆ ಬಂದಿರುತ್ತದೆ, ಮಗು ಸ್ವಲ್ಪ ಮಗ್ಗುಲಾಗಿರುತ್ತದೆ. ಇನ್ನೂ ಒಂದು ಸಲವೂ ಪೂರ್ತಿ ಹೊರಳಿಲ್ಲ. ಅಜ್ಜಿ, “ಬಿಗಿಯಾಗಿ ಸುತ್ತು ಕಣೇ, ಕೈ ಬಿಚ್ಚಿಕೊಳ್ತಿದೆ. ನಿನ್ನನ್ನು ಆರು ತಿಂಗಳು ಸುತ್ತಿದ್ದೆ, ಏನಾಯ್ತು?” ಎನ್ನುತ್ತಾರೆ. ಮಗಳು, “ಅದು ಕೈ ಬಿಚ್ಚಿಕೊಳ್ತಿರೋದೇ ಹೊರಳೋಕೆ ಅಮ್ಮ. ಬಿಗಿ ಮಾಡಿದ್ರೆ ಹೊರಳೋದು ನಿಲ್ಲಲ್ಲ, ಹೊರಳಿದ ಮೇಲೆ ಮುಖ ಎತ್ತೋಕಾಗಲ್ಲ ಅಷ್ಟೆ” ಎನ್ನುತ್ತಾಳೆ. ಮಗಳ ಮಾತು ಸರಿ.

ಈ ಮನೆಯವರು ಅವತ್ತೇ ರಾತ್ರಿ ಸುತ್ತುವುದನ್ನು ಬಿಡಬೇಕು. ಒಂದು ಕೈ ಹೊರಗಿಟ್ಟು ಎರಡು ಮೂರು ರಾತ್ರಿ, ಆಮೇಲೆ ಎರಡೂ ಕೈ, ಆಮೇಲೆ ಬಟ್ಟೆಯೇ ಇಲ್ಲ ಎಂದು ಮೆಲ್ಲಗೆ ಬಿಡಿಸುವ ಕ್ರಮ ಒಂದಿದೆ. ಅದು ಒಳ್ಳೆಯದೇ, ಆದರೆ ಹೊರಳುವ ಸುಳಿವು ಇನ್ನೂ ಕಾಣದ ಎರಡು, ಎರಡೂವರೆ ತಿಂಗಳ ಮಗುವಿಗೆ. ಸೊಂಟ ತಿರುಗಿಸುತ್ತಿರುವ ಮಗುವಿಗೆ ಅಷ್ಟು ದಿನ ಕೊಡಲಾಗದು. ಒಂದು ಕೈ ಒಳಗಿದ್ದರೂ ಅದು ಬೋರಲಾದಾಗ ಸಿಕ್ಕಿಕೊಳ್ಳಬಹುದು.

ಬಿಟ್ಟ ಮೇಲೆ ಕೆಲವು ರಾತ್ರಿ ನಿದ್ದೆ ಕೆಡುತ್ತದೆ, ಕೆಲವು ಮಕ್ಕಳಿಗೆ ಒಂದೆರಡು ವಾರ ಹಿಡಿಯುತ್ತದೆ. ಬೆಚ್ಚುವುದು ಇನ್ನೂ ಪೂರ್ತಿ ಹೋಗಿರುವುದಿಲ್ಲವಲ್ಲ. ಎಚ್ಚರವಾದಾಗ ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇರಿ, ಹೆಚ್ಚಿನ ಮಕ್ಕಳು ಸುಮ್ಮನಾಗುತ್ತವೆ. ನಿದ್ದೆ ಬರಲಿ ಎಂದು ಬೋರಲು ಮಲಗಿಸುವುದಾಗಲಿ, ಭಾರ ತುಂಬಿದ ಚೀಲದಂಥ ಹೊದಿಕೆ ತರುವುದಾಗಲಿ ಬೇಡ. ಬಟ್ಟೆ ಜೋಲಿಯಲ್ಲಿ ಹಾಕಿ ರಾತ್ರಿಯೆಲ್ಲ ಬಿಡುವುದೂ ಬೇಡ. ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತಿಕೊಳ್ಳುತ್ತದೆ. ಹೊರಳುವ ಮಗುವಿನ ಮುಖ ಬಟ್ಟೆಗೆ ಅಂಟಿಕೊಳ್ಳುತ್ತದೆ. ಗಟ್ಟಿಯಾದ, ಸಮವಾದ ಹಾಸಿಗೆ ಸಾಕು. ದಿಂಬು, ಮೆತ್ತೆ, ಗೊಂಬೆ ಯಾವುದೂ ಬೇಡ. ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಆದರೆ ಅವರ ರಗ್ಗಿನ ಒಳಗೆ ಬೇಡ.

ಹಾಗಾದರೆ ಚಳಿಗೆ ಏನು ಮಾಡುವುದು? ಮಲೆನಾಡಿನವರು ಕೇಳುವ ಮೊದಲ ಪ್ರಶ್ನೆಯೇ ಇದು. ಒಳಗೆ ಹತ್ತಿ ಜುಬ್ಬ, ಮೇಲೆ ತುಂಬು ತೋಳಿನ ಬಟ್ಟೆ, ಕಾಲುಚೀಲ. ಅದರ ಮೇಲೆ ಸ್ಲೀಪ್ ಸ್ಯಾಕ್, ಅಂದರೆ ಕೈ ಹೊರಗೆ ಬರುವ, ಕಾಲು ಒಳಗೆ ಸಡಿಲವಾಗಿ ಆಡುವ, ತೊಡಿಸಬಹುದಾದ ಹೊದಿಕೆ. ಟೈಲರ್ ಹತ್ತಿರ ಹೊಲಿಸುವುದಾದರೆ ಕತ್ತಿನ ಅಳತೆ ಸರಿಯಾಗಿ ಹೇಳಿ. ಕತ್ತು ದೊಡ್ಡದಾದರೆ ಮಗು ಒಳಕ್ಕೆ ಜಾರಿ ಮುಖ ಮುಚ್ಚಿಹೋಗುತ್ತದೆ. ಹೊದಿಸುವ ರಗ್ಗಿಗಿಂತ ಇದು ವಾಸಿ, ಒದ್ದರೂ ಮುಖಕ್ಕೆ ಬರುವುದಿಲ್ಲ.

ಹಗಲಿನಲ್ಲಿ ಮಗು ಎಚ್ಚರವಿದ್ದಾಗ, ಯಾರಾದರೂ ಪಕ್ಕದಲ್ಲೇ ಕೂತು ಚಾಪೆಯ ಮೇಲೆ ಬೋರಲು ಬಿಡಿ. ಕತ್ತು, ಭುಜ ಗಟ್ಟಿಯಾಗುವುದು ಅಲ್ಲೇ. ರಾತ್ರಿ ಮಲಗಿಸುವಾಗ ಮಾತ್ರ ಯಾವಾಗಲೂ ಅಂಗಾತ. ಅಂಗಾತದಿಂದ ಬೋರಲಿಗೂ, ಬೋರಲಿನಿಂದ ಅಂಗಾತಕ್ಕೂ ತಾನೇ ಸಲೀಸಾಗಿ ಹೊರಳಲು ಬಂದ ಮಗು, ಕೈ ಬಿಡುವಾಗಿದ್ದು, ನಿದ್ದೆಯಲ್ಲಿ ಬೋರಲಾದರೆ ಎದ್ದು ಎದ್ದು ತಿರುಗಿಸುತ್ತಾ ಕೂರಬೇಕಾಗಿಲ್ಲ. ಅಂಗಾತ ಮಲಗಿಸಿ, ಆಮೇಲೆ ಅದು ಯಾವ ಕಡೆ ಹೊರಳಿದರೂ ಬಿಡಿ.