ಹೆಚ್ಚಿದ ಸೇಬು ಕಂದಾದರೆ ಕೆಟ್ಟಿತು ಅಂತಲಾ?

ಬೆಳಿಗ್ಗೆ ಏಳಕ್ಕೆ ಹೆಚ್ಚಿ ಡಬ್ಬಿಗೆ ತುಂಬಿದ ಸೇಬು ಮಧ್ಯಾಹ್ನ ಊಟದ ಹೊತ್ತಿಗೆ ಕಂದಾಗಿರುತ್ತದೆ. ಕಾರವಾರದ ಸೆಕೆಗೆ ಅದು ಇನ್ನೂ ಬೇಗ. ಮಗು ಡಬ್ಬಿಯನ್ನು ಹಾಗೇ ವಾಪಸ್ ತಂದರೆ ಮನೆಯಲ್ಲಿ ಎರಡು ಮಾತು ಬರುತ್ತದೆ. ಒಬ್ಬರು "ಕೆಟ್ಟಿದೆ, ಬಿಸಾಡು" ಅನ್ನುತ್ತಾರೆ. ಇನ್ನೊಬ್ಬರು "ಅದು ಕಬ್ಬಿಣದ ಅಂಶ, ಒಳ್ಳೇದು, ತಿನ್ನು" ಅನ್ನುತ್ತಾರೆ.

ಕಬ್ಬಿಣದ ಮಾತನ್ನು ಮೊದಲು ಮುಗಿಸೋಣ. 100 ಗ್ರಾಂ ಸೇಬಿನಲ್ಲಿ ಇರುವ ಕಬ್ಬಿಣ ಸುಮಾರು 0.1 ಮಿಲಿಗ್ರಾಂ ಅಷ್ಟೇ. ಅದು ತುಕ್ಕು ಹಿಡಿದು ಹಣ್ಣು ಕಂದಾಗುವುದಲ್ಲ. ಹಣ್ಣಿನ ಜೀವಕೋಶದೊಳಗೆ ಫಿನಾಲ್ ಎಂಬ ಗುಂಪಿನ ವಸ್ತುಗಳು ಒಂದು ಚೀಲದಲ್ಲಿರುತ್ತವೆ, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಬೇರೆ ಕಡೆ ಇರುತ್ತದೆ. ಚಾಕು ತಾಗಿದರೆ ಆ ಗೋಡೆಗಳು ಒಡೆದು ಎರಡೂ ಬೆರೆಯುತ್ತವೆ, ಗಾಳಿಯ ಆಮ್ಲಜನಕವೂ ಸೇರುತ್ತದೆ. ಫಿನಾಲ್ ಮೊದಲು ಕ್ವಿನೋನ್ ಆಗುತ್ತದೆ. ಕ್ವಿನೋನ್‌ಗಳು ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣ ಬರುತ್ತದೆ. ತಮಾಷೆ ಅಂದರೆ ಈ ಕಿಣ್ವ ಕೆಲಸ ಮಾಡುವುದು ತನ್ನೊಳಗಿನ ತಾಮ್ರದ ಬಲದಿಂದ, ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ. ಚಹಾ ಎಲೆಯನ್ನು ಕಪ್ಪಾಗಿಸುವುದೂ ಇದೇ ಜಾತಿಯ ಕಿಣ್ವ. ಅದನ್ನು ನಾವು ದಿನಾ ಕುಡಿಯುತ್ತೇವೆ.

ಹಾಗಾಗಿ ಬಣ್ಣ ಮಾತ್ರ ಬದಲಾದ ಹೋಳು ತಿನ್ನಬಹುದು. ರುಚಿ ಸ್ವಲ್ಪ ಸಪ್ಪೆ, ವಿಟಮಿನ್ ಸಿ ಸ್ವಲ್ಪ ಕಡಿಮೆ, ಅಷ್ಟೇ. ಹೆಚ್ಚಿದ ಅರ್ಧ ಗಂಟೆಯಲ್ಲಿ ಬಂದ ಕಂದು ಬ್ಯಾಕ್ಟೀರಿಯಾದ್ದಲ್ಲ. ಬ್ಯಾಕ್ಟೀರಿಯಾ ಬೆಳೆದು ಹಣ್ಣನ್ನು ಹಾಳುಮಾಡಲು ಅಷ್ಟು ಹೊತ್ತು ಸಾಲದು. ನಿಜ ಹೇಳಬೇಕೆಂದರೆ ಕ್ವಿನೋನ್‌ಗಳು ಗಿಡ ಗಾಯವಾದ ಜಾಗದಲ್ಲಿ ಕೀಟ, ಸೂಕ್ಷ್ಮಜೀವಿಗಳನ್ನು ತಡೆಯಲು ಇಟ್ಟುಕೊಂಡ ಮದ್ದು.

ಶಿರಸಿ ಕಡೆಯ ಅಡುಗೆಮನೆಗೆ ಇದು ಹೊಸತಲ್ಲ. ಬಾಳೆಕಾಯಿ, ಬಾಳೆದಿಂಡು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುತ್ತಾರೆ. ನೀರು ಗಾಳಿಯನ್ನು ತಡೆಯುತ್ತದೆ, ಹುಳಿ ಕಿಣ್ವವನ್ನು ನಿಧಾನ ಮಾಡುತ್ತದೆ. ಕಬ್ಬಿಣಕ್ಕೆ ಇಲ್ಲೊಂದು ನಿಜವಾದ ಪಾತ್ರವೂ ಇದೆ: ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಅದರ ಚೊಗರಿನ ಜೊತೆ ಕತ್ತಿಯ ಕಬ್ಬಿಣ ಸೇರಿ ನೀಲಿ ಮಿಶ್ರಿತ ಕಪ್ಪು ಬರುತ್ತದೆ. ಸ್ಟೀಲ್ ಚಾಕುವಿನಲ್ಲಿ ಅಷ್ಟಾಗುವುದಿಲ್ಲ.

ಸೇಬಿಗೆ ಲಿಂಬೆರಸ ಒಳ್ಳೆಯ ಉಪಾಯ. ಅದರ ಹುಳಿ ಕಿಣ್ವವನ್ನು ಕುಂಠಿಸುತ್ತದೆ, ಅದರ ವಿಟಮಿನ್ ಸಿ ಆಗಷ್ಟೇ ಹುಟ್ಟಿದ ಕ್ವಿನೋನ್ ಅನ್ನು ಮತ್ತೆ ಫಿನಾಲ್ ಮಾಡಿಬಿಡುತ್ತದೆ. ಆ ವಿಟಮಿನ್ ಮುಗಿದ ಮೇಲೆ ಕಂದು ಶುರುವಾಗಬಹುದು. ಲಿಂಬೆ ಇಲ್ಲದಿದ್ದರೆ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಹೋಳುಗಳನ್ನು ಐದು ನಿಮಿಷ ಅದ್ದಿ, ತೊಳೆದು ತೆಗೆಯಿರಿ. ಉಪ್ಪಿನ ಕ್ಲೋರೈಡ್ ಕಿಣ್ವಕ್ಕೆ ಅಡ್ಡಬರುತ್ತದೆ.

ಆದರೆ ಇಲ್ಲೇ ಎಡವುವುದು. ಲಿಂಬೆ ಹಚ್ಚಿದ ಸೇಬು ಬೆಳ್ಳಗಿದೆ ಎಂದು ಅದನ್ನು ಸಂಜೆಯವರೆಗೆ ಇಡಬೇಡಿ. ಕಂದಾಗುವುದಕ್ಕೂ ಕೆಡುವುದಕ್ಕೂ ಕಾರಣ ಬೇರೆ ಬೇರೆ. ಒಂದನ್ನು ತಡೆದರೆ ಇನ್ನೊಂದು ನಿಲ್ಲುವುದಿಲ್ಲ. ಹೆಚ್ಚಿದ ಹಣ್ಣಿನ ರಸ, ಸಕ್ಕರೆ, ಕೈಯಿಂದ ಮಣೆಯಿಂದ ಬಂದ ಜೀವಿಗಳು, ಜೊತೆಗೆ ಕರಾವಳಿಯ ಬಿಸಿ, ಇಷ್ಟು ಸಾಕು. ಹೆಚ್ಚಿದ ಹಣ್ಣನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಒಂದು ಗಂಟೆ ಅನ್ನುವುದು ಸಾಮಾನ್ಯ ನಿಯಮ. ಆ ಲೆಕ್ಕಕ್ಕೆ ಶಾಲೆಯ ಡಬ್ಬಿಯ ಸೇಬು ಗಡಿ ದಾಟಿದೆ, ಬೆಳ್ಳಗಿದ್ದರೂ. ಮಗುವಿಗೆ ಇಡೀ ಸೇಬು ಕೊಟ್ಟು ಕಳಿಸುವುದು ಸುಲಭ, ಅಲ್ವಾ?

ಬಾಳೆಹಣ್ಣಿನಲ್ಲಿ ಇನ್ನೂ ಎಚ್ಚರ ಬೇಕು. ಹುಳಿಯನ್ನು ಅಳೆಯುವ ಪಿಎಚ್ ಸಂಖ್ಯೆ ಏರಿದಷ್ಟೂ ಹುಳಿ ಕಡಿಮೆ. ಸೇಬಿನ ಪಿಎಚ್ ಸಾಮಾನ್ಯವಾಗಿ 4ಕ್ಕಿಂತ ಕೆಳಗೆ, ಬಾಳೆಹಣ್ಣಿನದು 5ರ ಆಸುಪಾಸು. ಹುಳಿ ಕಡಿಮೆ ಇದ್ದಷ್ಟೂ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಸುಲಭ. ಬಾಳೆಹಣ್ಣಿನ ಸಿಪ್ಪೆಯ ವಿಷಯ ಬೇರೆ. ಫ್ರಿಜ್‌ನಲ್ಲಿಟ್ಟ ಹಣ್ಣಿನ ಸಿಪ್ಪೆ ಕಪ್ಪಾಗುವುದು ಚಳಿಗೆ ಅದರ ಜೀವಕೋಶ ಒಡೆದು. ಸುಮಾರು 13 ಡಿಗ್ರಿಗಿಂತ ಕೆಳಗೆ ಬಾಳೆಗೆ ತಡೆಯುವುದಿಲ್ಲ. ಒಳಗೆ ತಿರುಳು ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ತಿನ್ನಿ.

ಕೆಟ್ಟಿದ್ದನ್ನು ಹೇಳುವುದು ಮೂಗು ಮತ್ತು ಬೆರಳು. ಹುಳಿ ಹಿಡಿದ ಅಥವಾ ಹೆಂಡದ ವಾಸನೆ, ಮುಟ್ಟಿದರೆ ಲೋಳೆ, ಸಣ್ಣ ಗುಳ್ಳೆ, ಬೂಸ್ಟು ಕಂಡರೆ ಎಸೆಯಿರಿ. ಆದರೆ ಇದ್ಯಾವುದೂ ಇಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅನ್ನಲಾಗದು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಕ್ಕೆ ಎಷ್ಟೋ ಸಲ ವಾಸನೆಯೇ ಇರುವುದಿಲ್ಲ. ಅದಕ್ಕೇ ಮೇಲಿನ ಗಂಟೆಯ ಲೆಕ್ಕ. ಸೇಬಿನ ಸಿಪ್ಪೆಯ ಮೇಲೆ ಮೆತ್ತಗಿನ ಕಂದು ಮಚ್ಚೆ, ಅದರ ನಡುವೆ ನೀಲಿ-ಹಸಿರು ಪುಡಿ ಕಂಡರೆ ಅದು ಬೂಸ್ಟು. ಅದರಿಂದ ಪಾಟುಲಿನ್ ಎಂಬ ವಿಷ ಬರಬಹುದು, ಅದು ಮಚ್ಚೆಯಾಚೆಯ ಚೆನ್ನಾಗಿ ಕಾಣುವ ತಿರುಳಿಗೂ ಇಳಿದಿರಬಹುದು. ಅಂಥ ಹಣ್ಣನ್ನು ಕೊಳೆತ ಭಾಗ ಕತ್ತರಿಸಿ ಜ್ಯೂಸ್ ಮಾಡದೆ ಇಡಿಯಾಗಿ ಗೊಬ್ಬರದ ಗುಂಡಿಗೆ ಹಾಕಿ.