ಕುರು ತೊಡೆಯಲ್ಲಿ, ಮುಲಾಮು ಮೂಗಿಗೇಕೆ?

ಪ್ರಶ್ನೆ: ಕಳೆದ ವರ್ಷದಿಂದ ನಮ್ಮ ಮನೆಯಲ್ಲಿ ಕುರು ನಿಂತೇ ಇಲ್ಲ. ಮೊದಲು ನನಗೆ ತೊಡೆಯಲ್ಲಿ ಎದ್ದಿತು, ಆಮೇಲೆ ಒಂಬತ್ತು ವರ್ಷದ ಮಗನಿಗೆ, ಈಗ ಹೆಂಡತಿಗೆ ಕಂಕುಳಲ್ಲಿ. ಮಾತ್ರೆ ನುಂಗಿದರೆ ಮಾಯುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಏಳುತ್ತದೆ. ಅಮ್ಮ ಉಷ್ಣ ಎನ್ನುತ್ತಾರೆ. ವೈದ್ಯರು ಮೂವರಿಗೂ ಮೂಗಿಗೆ ಹಚ್ಚುವ ಮುಲಾಮು ಬರೆದಿದ್ದಾರೆ. ಏಕೆ?

ಉತ್ತರ: ಹೀಗೆ ಒಬ್ಬರಿಂದೊಬ್ಬರಿಗೆ ದಾಟುವ ಕುರು ಸಾಮಾನ್ಯವಾಗಿ ಉಷ್ಣದ್ದಲ್ಲ, ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ್ದು. ಆರೋಗ್ಯವಂತರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಕಂಕುಳು, ತೊಡೆಸಂದುಗಳಲ್ಲೂ ಇರುತ್ತದೆ. ಮೂಗು ಮುಟ್ಟಿದ ಕೈ ಚರ್ಮವನ್ನು ಕೆರೆದಾಗ, ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದಾಗ ಅದು ಕೂದಲ ಬುಡಕ್ಕೆ ಇಳಿಯುತ್ತದೆ. ಮಾತ್ರೆ ಎದ್ದ ಕುರುವನ್ನು ಮಾಯಿಸುತ್ತದೆ, ಆದರೆ ಮೂಗಿನ ನೆಲೆಯನ್ನು ಸಾಮಾನ್ಯವಾಗಿ ಖಾಲಿ ಮಾಡುವುದಿಲ್ಲ.

ಅದಕ್ಕೇ ಈ ಐದು ದಿನದ ಕ್ರಮ. ಈಗಿರುವ ಕುರುವಿನ ಕೀವು ಹೋಗಿ ಗಾಯ ಮಾಯ್ದ ಮೇಲೆ ಶುರು ಮಾಡಿ. ಶೇ. 2ರ ಮುಪಿರೋಸಿನ್ ಮುಲಾಮನ್ನು ಬೆಂಕಿಕಡ್ಡಿಯ ತಲೆಯಷ್ಟು ತೆಗೆದು, ದಿನಕ್ಕೆರಡು ಸಲ ಎರಡೂ ಹೊಳ್ಳೆಗಳ ಒಳಗೆ, ಮುಂಭಾಗಕ್ಕೆ ಹಚ್ಚಿ, ಮೂಗನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ. ಚರ್ಮಕ್ಕೆ ಹಚ್ಚುವ ಮುಪಿರೋಸಿನ್ ಬೇರೆ. ಅದರ ಆಧಾರವಸ್ತು ಮೂಗಿನೊಳಗೆ ಉರಿಸುತ್ತದೆ. ಅಂಗಡಿಯಲ್ಲಿ ‘ಮೂಗಿನದ್ದೇ’ ಎಂದು ಕೇಳಿ ಪಡೆಯಿರಿ.

ಅದೇ ಐದು ದಿನ ಶೇ. 4ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಸ್ನಾನ. ಹೆಚ್ಚಿನವರು ಎಡವುವುದು ಇಲ್ಲಿಯೇ: ಬಕೆಟ್ ನೀರಿಗೆ ನಾಲ್ಕು ಹನಿ ಬೆರೆಸಿ ಸುರಿದುಕೊಳ್ಳುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಮೈ ಒದ್ದೆ ಮಾಡಿಕೊಂಡು, ದ್ರಾವಣವನ್ನು ಹಾಗೆಯೇ ಕುತ್ತಿಗೆಯಿಂದ ಕೆಳಕ್ಕೆ ಸವರಿ, ಕಂಕುಳು ಮತ್ತು ತೊಡೆಸಂದು ಬಿಡದಂತೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಅದರ ಮೇಲೆ ಮಾಮೂಲಿ ಸೋಪು ಬೇಡ, ಸೋಪು ಔಷಧದ ಶಕ್ತಿ ಕುಂದಿಸುತ್ತದೆ. ಕಣ್ಣು, ಕಿವಿಯೊಳಗೆ ಹೋಗಬಾರದು. ಮನೆಯಲ್ಲಿ ಎಳೆಗೂಸಿದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ. ಟವೆಲ್, ಒಳಉಡುಪು, ಹಾಸಿಗೆ ಹೊದಿಕೆ, ದಿಂಬಿನ ಕವರು ದಿನವೂ ಬದಲಾಗಲಿ; ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಬ್ಬರ ರೇಜರ್ ಇನ್ನೊಬ್ಬರು ಮುಟ್ಟಬಾರದು.

ಮೂವರೂ ಒಂದೇ ದಿನ ಆರಂಭಿಸಬೇಕು, ಜೊತೆಗಿರುವ ಅಮ್ಮನಿಗೂ ಬೇಕೇ ಎಂದು ವೈದ್ಯರನ್ನು ಕೇಳಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಗಿಗೆ ಮಾತ್ರ ಈ ಕ್ರಮ ಕೊಟ್ಟದ್ದನ್ನೂ ಮನೆಮಂದಿಗೆಲ್ಲ ಕೊಟ್ಟದ್ದನ್ನೂ ಹೋಲಿಸಿತ್ತು. ಒಂದು ವರ್ಷದಲ್ಲಿ ಮೊದಲ ಗುಂಪಿನ ಶೇ. 72 ರೋಗಿಗಳಿಗೆ ಮತ್ತೆ ಸೋಂಕಾಯಿತು, ಎರಡನೆಯದರಲ್ಲಿ ಶೇ. 52. ಅಂದರೆ ಲಾಭ ನಿಜ, ಖಾತರಿಯಲ್ಲ.

ಆದ್ದರಿಂದ ಮತ್ತೆ ಎದ್ದರೆ ಉಳಿದ ಮುಲಾಮನ್ನು ನೀವೇ ತಿಂಗಳುಗಟ್ಟಲೆ ಹಚ್ಚುತ್ತಾ ಹೋಗಬೇಡಿ. ಬ್ಯಾಕ್ಟೀರಿಯಾ ಅದಕ್ಕೂ ಜಗ್ಗದಂತಾಗುತ್ತದೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಜಗ್ಗುತ್ತದೆ ಎಂದು ತಿಳಿಯಲು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ದೊಡ್ಡವರ ರಕ್ತದ ಸಕ್ಕರೆಯನ್ನೂ ನೋಡಿಸಿ. ನಿಮ್ಮ ಹೆಂಡತಿಗೆ ಎರಡೂ ಕಂಕುಳಲ್ಲಿ ಅದೇ ಜಾಗದಲ್ಲಿ ಮರುಕಳಿಸಿ ಕಲೆಗಟ್ಟುತ್ತಿದ್ದರೆ ಅದು ಹೈಡ್ರಾಡಿನೈಟಿಸ್ ಎಂಬ ಬೇರೆಯೇ ಕಾಯಿಲೆ ಇರಬಹುದು, ಚರ್ಮವೈದ್ಯರಿಗೆ ತೋರಿಸಿ. ಜ್ವರ ಬಂದರೆ, ಅಥವಾ ಮೂಗು, ಮೇಲ್ದುಟಿಯ ಸುತ್ತ ಕುರು ಎದ್ದರೆ ಹಿಸುಕದೆ ಅಂದೇ ಆಸ್ಪತ್ರೆಗೆ ಹೋಗಿ.