ಹುಟ್ಟಲಿರುವ ಕೂಸಿಗೆ ಕಾಗದ: ಮಗನೇ ಎನ್ನಲೇ, ಮಗಳೇ ಎನ್ನಲೇ?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ನೌಕರಿಯಲ್ಲಿದ್ದೇನೆ. ಕುಬಸದ ಕಾರ್ಯ ಮುಗಿದ ಮೇಲೆ ಹೆಂಡತಿ ಚೊಚ್ಚಲ ಹೆರಿಗೆಗೆಂದು ಜಮಖಂಡಿಯ ತವರಿಗೆ ಹೋಗಿದ್ದಾಳೆ. ಈಗ 36ನೆಯ ವಾರ. ಕೂಸಿಗೊಂದು ಕಾಗದ ಬರೆದಿಡೋಣವೆಂದು ಕುಳಿತರೆ ಮೊದಲ ಸಾಲಿನಲ್ಲೇ ಕೈ ನಿಲ್ಲುತ್ತದೆ. ಗಂಡೋ ಹೆಣ್ಣೋ ತಿಳಿಯದೆ ಏನೆಂದು ಕರೆಯಲಿ?

ಉತ್ತರ: ಗರ್ಭದ ಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆಯಂತೆ, ಸ್ಕ್ಯಾನಿಂಗ್‌ನಲ್ಲಿ ಕಂಡದ್ದನ್ನು ವೈದ್ಯರು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವಂತಿಲ್ಲ, ಹಾಗಾಗಿ ನಮ್ಮ ದೇಶದ ತಂದೆಯರೆಲ್ಲ ನಿಮ್ಮಂತೆಯೇ ತಿಳಿಯದೆ ಬರೆಯಬೇಕು. ಅದೃಷ್ಟಕ್ಕೆ ಕನ್ನಡದಲ್ಲಿ ಈ ತೊಡಕು ಚಿಕ್ಕದು. 'ನೀನು ಬಂದೆ', 'ನೀನು ನಗುತ್ತೀ' ಎಂಬ ಮಾತು ಗಂಡಿಗೂ ಹೆಣ್ಣಿಗೂ ಒಂದೇ. ನಿಮ್ಮೂರಿನ ಮರಾಠಿ ಮನೆಯ ತಂದೆಯಾದರೆ 'ಆಲಾಸ್' ಎನ್ನಬೇಕೋ 'ಆಲೀಸ್' ಎನ್ನಬೇಕೋ ಎಂದು ಕ್ರಿಯಾಪದದಲ್ಲೇ ತಡವರಿಸಬೇಕಾಗುತ್ತದೆ. ನಮ್ಮಲ್ಲಿ ಲಿಂಗ ನುಸುಳುವುದು 'ಅವನು ಬರುತ್ತಾನೆ', 'ಅವಳು ಬರುತ್ತಾಳೆ' ಎಂದು ಮೂರನೆಯವರ ಬಗ್ಗೆ ಹೇಳುವಾಗ. ಅಂಥಲ್ಲಿ 'ನಮ್ಮ ಕೂಸು ಬರುತ್ತದೆ' ಎಂದರೆ ಸಾಕು; ನಮ್ಮ ಸೀಮೆಯಲ್ಲಿ ಕೂಸು ಎಂಬ ಮಾತಿಗಿರುವ ಅಕ್ಕರೆ ಶಿಶು ಎಂಬುದಕ್ಕಿಲ್ಲವೆಂದು ನನ್ನ ಅನಿಸಿಕೆ.

ಆದರೂ ಜಾರುವ ಜಾಗಗಳಿವೆ. 'ನೀನು ಜಾಣನಾಗು', 'ನನ್ನ ಗೆಳೆಯನಾಗು' ಎಂದು ಬರೆದ ಕೂಡಲೇ ಮನಸ್ಸು ಗಂಡನ್ನೇ ಕಲ್ಪಿಸಿಕೊಂಡಿದೆ ಎಂದಾಯಿತು. ಮಗಳು ಮುಂದೆ ಅದನ್ನು ಓದಿದರೆ ಅಪ್ಪನ ನಿರೀಕ್ಷೆ ಬೇರೆಯಿತ್ತು ಎಂದುಕೊಂಡಾಳು. ಬರೆದ ಮೇಲೆ ಇಂಥ ಪದಗಳನ್ನು ಹುಡುಕಿ ತಿದ್ದಿರಿ. ಹೆಚ್ಚಾಗಿ ಇವು ಹಾರೈಕೆಯ ಸಾಲುಗಳಲ್ಲೇ ಇರುತ್ತವೆ. ಆದ್ದರಿಂದ ಹಾರೈಕೆ ಕಡಿಮೆ ಮಾಡಿ, ಕಂಡದ್ದನ್ನು ಹೆಚ್ಚು ಬರೆಯಿರಿ. ಉದಾಹರಣೆಗೆ:

'ಕೂಸೇ, ಇಂದು ಭಾನುವಾರ. ನಿನ್ನ ಅಜ್ಜಿ ಒಲೆಯ ಮುಂದೆ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಆ ಪಟಪಟ ಸಪ್ಪಳಕ್ಕೆ ನೀನು ಒಮ್ಮೆಲೇ ಹೊರಳಿದೆ. ಅವ್ವ ನನ್ನ ಅಂಗೈ ಎಳೆದು ಬಲಗಡೆಗೆ ಇಟ್ಟುಕೊಂಡಳು. ಒಳಗಿಂದ ಹಿಮ್ಮಡಿಯೋ ಮೊಣಕಾಲೋ ಒತ್ತಿ ಸರಿಯಿತು.'

ಇದರಲ್ಲಿ ಕಲ್ಪನೆಯೇನೂ ಇಲ್ಲ, ಈ ವಾರಗಳಲ್ಲಿ ಕೂಸಿಗೆ ಹೊರಗಿನ ಸಪ್ಪಳ ಕೇಳಿಸುತ್ತದೆ. (ಹೊರಳಾಟ ಎಂದಿಗಿಂತ ಕಡಿಮೆಯಾದಂತೆ ಅನಿಸಿದರೆ ಮಾತ್ರ ಕಾಗದ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.)

'ನೀನು ಹೊಟ್ಟೆಯಲ್ಲಿ ಮೂಡಿ 36 ವಾರವಾಯಿತು' ಎಂದು ಮಾತ್ರ ಬರೆಯಬೇಡಿ. ವೈದ್ಯರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಮೂಡುವುದು ಸುಮಾರು ಎರಡು ವಾರದ ನಂತರ. ಆ ಲೆಕ್ಕದ 280ನೆಯ ದಿನವೇ ಅವರು ಕೊಟ್ಟ ತಾರೀಖು, ಆದರೆ ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು ಕಡಿಮೆ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ನಿಮಗೆ ಫೋನ್ ಬರಬಹುದು. ಹಾಗಾಗಿ ಬರುವ ಭಾನುವಾರ ಜಮಖಂಡಿಗೆ ಹೋಗುವಾಗ ಕಾಗದ ಅರ್ಧವೇ ಆಗಿದ್ದರೂ ಒಯ್ದು, ಆಸ್ಪತ್ರೆಗೆಂದು ಕಟ್ಟಿಟ್ಟ ಚೀಲದಲ್ಲಿ ತಾಯಿ ಕಾರ್ಡಿನ ಜೊತೆ ಇಡಿ. ಉಳಿದರ್ಧವನ್ನು ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯಬಹುದು.